ಮಣಿ ಎಂದು ಬರೆಸಿದ ಬೀಜ

ಅಕ್ಕ ಹಿತ್ತಲಲ್ಲಿ ಕಂಬ ನೆಟ್ಟು, ಹಗ್ಗ ಎಳೆದು ಕಟ್ಟಿ, ಹೆಂಟೆ ಒಡೆದು ಮಣ್ಣನ್ನು ಹದ ಮಾಡಿ ಇಟ್ಟಿದ್ದಳು. ಇನ್ನು ಬೀಜ ಬರುವುದೊಂದೇ ಬಾಕಿ.

ಅದು ಅಮ್ಮನ ಹುರುಳಿಕಾಯಿ. ಬಿಳಿ ಕಾಳು, ಕಣ್ಣಿನ ಸುತ್ತ ಯಾರೋ ಕಡ್ಡಿ ಅದ್ದಿ ಎಳೆದ ಹಾಗೆ ಕೆಂಪು ಗೆರೆ. ಅಮ್ಮ ಹಾಸಿಗೆ ಹಿಡಿದ ವರ್ಷ ಡಬ್ಬಿಯ ಮುಚ್ಚಳ ಬಿಗಿ ಮಾಡುವುದನ್ನು ಅಕ್ಕ ಮರೆತಳು. ತೆಗೆದು ನೋಡಿದರೆ ಕಾಳೆಲ್ಲ ಹುಳು ತಿಂದು ಹಿಟ್ಟಾಗಿತ್ತು. ಅಮ್ಮ ಬೈಯಲಿಲ್ಲ. ಕಿಟಕಿಯಿಂದ ಬರಿಯ ಹಿತ್ತಲನ್ನು ನೋಡಿ ಮಗ್ಗುಲು ಬದಲಿಸಿದಳು, ಅಷ್ಟೆ. ಬೈದಿದ್ದರೇ ವಾಸಿಯಿತ್ತು.

ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ತಮ್ಮ ಒಂದು ದಿನ ಫೋನು ಹಿಡಿದು ಓಡಿ ಬಂದ. "ಅಕ್ಕಾ, ಇದೇ ಅಲ್ವೇನೆ?"

ಅದೇ. ದೂರದ ದೇಶದ ಒಂದು ಪುಟ್ಟ ಬೀಜದಂಗಡಿಯ ಚಿತ್ರ. ಹಿಂದೆ ಪಕ್ಕದ ಮನೆಯಾಕೆ ಮಗನ ಜೊತೆ ಆ ದೇಶಕ್ಕೆ ಹೋಗುವಾಗ ಅಮ್ಮನೇ ಒಂದು ಹಿಡಿ ಕೊಟ್ಟು ಕಳಿಸಿದ್ದಳು. ಅಲ್ಲಿ ಕೈಯಿಂದ ಕೈಗೆ ದಾಟಿ ಅಂಗಡಿ ಸೇರಿರಬೇಕು. ಒಂದೇ ಪೊಟ್ಟಣ ಉಳಿದಿತ್ತು. ಹೊರದೇಶಕ್ಕೆ ಕಳಿಸುವುದಿಲ್ಲ ಎಂದು ಕೆಳಗೆ ಬರೆದಿತ್ತು.

"ಅದಕ್ಕೇನು, ನಾನಿಲ್ವಾ?" ಎಂದ ತಮ್ಮ. ಅವನು ಊರವರಿಗೆ ಬೂಟು, ಗಡಿಯಾರ ಹೀಗೇ ತರಿಸಿಕೊಡುತ್ತಿದ್ದ. ಆ ದೇಶದಲ್ಲೇ ಒಂದು ಗೋದಾಮಿನವರು ಅವನಿಗೆ ವಿಳಾಸ ಕೊಟ್ಟಿದ್ದರು. ವಿಳಾಸ ಸಾವಿರಾರು ಗಿರಾಕಿಗಳಿಗೂ ಒಂದೇ, ಜೊತೆಗಿನ ಸಂಖ್ಯೆ ಮಾತ್ರ ಬೇರೆ ಬೇರೆ. ಅಂಗಡಿ ಅಲ್ಲಿಗೆ ಕಳಿಸುತ್ತದೆ, ಗೋದಾಮಿನವರು ಒಳಗೇನಿದೆ, ಬೆಲೆಯೆಷ್ಟು ಎಂದು ಗಿರಾಕಿಯಿಂದ ಬರೆಸಿಕೊಂಡು ಇಲ್ಲಿಗೆ ರವಾನಿಸುತ್ತಾರೆ. "ಅಂಗಡಿಯವನ ಪಾಲಿಗೆ ನಾವು ಅವನ ಪಕ್ಕದ ಬೀದಿಯವರು ಕಣೆ!"

ಅಮ್ಮನಿಗೆ ಹೇಳಿದಾಗ ಅವಳ ಮುಖ ಅರಳಿತು. "ಮೊದಲ ಕಾಳು ನಾನೇ ಊರ್ತೀನಿ. ಕುರ್ಚಿ ಸಮೇತ ಎತ್ತಿಕೊಂಡು ಹೋಗಿ."

"ಕುರ್ಚಿ ಹಗುರ, ನೀನೇ ಭಾರ," ಎಂದ ತಮ್ಮ.

"ಹೊತ್ತು ಹೆತ್ತವಳನ್ನ ಒಂದು ಸಲ ಹೊತ್ರೆ ಸವೆದು ಹೋಗ್ತೀಯೇನೋ?"

ಪೊಟ್ಟಣ ಗೋದಾಮು ತಲುಪಿತು. ಒಳಗೇನಿದೆ ಎಂದು ತುಂಬಿಸಬೇಕಾದ ಜಾಗಕ್ಕೆ ಬಂದು ತಮ್ಮನ ಬೆರಳು ನಿಂತಿತು. ಗೋದಾಮಿನವರು ಒಯ್ಯದ ವಸ್ತುಗಳಲ್ಲಿ ಬೀಜವೂ ಇತ್ತು.

"ಗೋದಾಮಿನವರೆಗೂ ಬಂದಿದೆ. ಬೀಜ ಅಂದ್ರೆ ಅಲ್ಲೇ ಕೂರಿಸ್ತಾರೆ," ಎಂದ.

ಅಕ್ಕ ಚಿತ್ರವನ್ನೇ ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಅದೇ ಕಾಳನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಳು. "ಮಣಿ ಅಂತ ಹಾಕು," ಎಂದಳು.

ಪೊಟ್ಟಣ ಇಲ್ಲಿಯ ಸುಂಕದ ಕಟ್ಟೆಯವರೆಗೆ ಬಂತು. ಯಂತ್ರದ ಕಣ್ಣಿಗೆ ಕಾಳು ಮಣಿಯಾಗಿ ಕಾಣಲಿಲ್ಲ. ಬಿಚ್ಚಿದರು. ಗಿಡಬೀಜಕ್ಕೆ ರೋಗವಿಲ್ಲವೆಂದು ಆ ದೇಶದ ಕೃಷಿ ಇಲಾಖೆ ಕೊಡುವ ಪ್ರಮಾಣಪತ್ರವಿಲ್ಲ, ಆಮದಿಗೆ ಅನುಮತಿಯಿಲ್ಲ, ಮೇಲಾಗಿ ಬರೆದದ್ದು ಸುಳ್ಳು. ಸುಟ್ಟುಹಾಕಲಾಗಿದೆ ಎಂದು ತಮ್ಮನ ಫೋನಿಗೆ ಬಂತು. ಗೋದಾಮಿನವರು ಅವನ ಖಾತೆ ಮುಚ್ಚಿದರು.

ತಮ್ಮ ಬೀಜದಂಗಡಿಗೆ ಇದ್ದದ್ದನ್ನೆಲ್ಲ ಬರೆದು, ಇನ್ನೊಂದು ಪೊಟ್ಟಣ ಸಿಗಬಹುದೇ ಎಂದು ಕೇಳಿದ. ಉತ್ತರ ಬಂದಾಗ ಅಕ್ಕನ ಹಿತ್ತಲಿಗೇ ಬಂದು, ನಿಂತುಕೊಂಡೇ ಓದಿ ಹೇಳಿದ.

"ಅದನ್ನ ಬೆಳೀತಿದ್ದ ಮುದುಕ ತೀರಿಕೊಂಡನಂತೆ. ಅವನ ಕೊನೇ ಕಾಳು ಅವೇ ಅಂತೆ. ಅವನು ಹೋದ್ಮೇಲೆ ಯಾರಿಗೂ ಮಾರಬಾರದು ಅಂದ್ಕೊಂಡಿದ್ರಂತೆ. ವಿಳಾಸ ನೋಡಿ..." ಅವನು ಫೋನನ್ನು ಇನ್ನಷ್ಟು ಹತ್ತಿರ ಹಿಡಿದ. "ತಮ್ಮೂರ ಕಡೆಯವರೇ ಯಾರೋ ಬಿತ್ತಿ ಉಳಿಸ್ತಾರೆ ಅಂತ ಕಳಿಸಿದ್ರಂತೆ. ಹೊರದೇಶ ಅಂತ ಮೊದಲೇ ಹೇಳಿದ್ರೆ ನಾವೇ ಈ ವರ್ಷ ಬಿತ್ತಿ, ಪ್ರಮಾಣಪತ್ರದ ದಾರಿ ಹುಡುಕ್ತಿದ್ವಿ ಅಂತಾರೆ."

ಅಕ್ಕ ಕಂಬ ಹಿಡಿದುಕೊಂಡಳು. ಡಬ್ಬಿಯಲ್ಲಿ ಹುಳು ಬಿದ್ದಾಗ ಅವಳ ಮನೆಯ ಬೀಜ ಮಾತ್ರ ಹೋಗಿತ್ತು. ಈಗ ಎಲ್ಲ ಕಡೆಯದೂ ಹೋಯಿತು.

"ಅಮ್ಮನಿಗೆ ಇನ್ನೂ ಬಂದಿಲ್ಲ ಅಂತ ಹೇಳೋಣ್ವಾ?" ತಮ್ಮ ನೆಲ ನೋಡುತ್ತ ಕೇಳಿದ.

"ಒಂದು ಸುಳ್ಳು ಬರೆಸಿದ್ದು ಸಾಕು ಕಣೋ."

ಒಳಗೆ ಅಮ್ಮ ದಿಂಬಿಗೆ ಒರಗಿ ಕೂತಿದ್ದಳು. ತಲೆ ಬಾಚಿಕೊಂಡಿದ್ದಳು. ಮಕ್ಕಳಿಬ್ಬರ ದನಿ ಹಿತ್ತಲಲ್ಲಿ ಕೇಳಿದ್ದೇ ಬೀಜ ಬಂತೆಂದು ತಿಳಿದಿದ್ದಳು. ಅಕ್ಕ ಹತ್ತಿರ ಬಂದದ್ದೇ ತಡ, ಅಂಗೈ ಅಗಲಿಸಿ ಮುಂದೆ ಚಾಚಿದಳು.

"ಕೊಡು, ನೋಡೋಣ."

ಅಕ್ಕ ಮಂಚದ ಅಂಚಿಗೆ ಕೂತು, ಏನೂ ಮುಚ್ಚದೆ ಎಲ್ಲ ಹೇಳಿದಳು. ಅಮ್ಮ ಕೇಳುತ್ತಲೇ ಇದ್ದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವಳಿಗೆ ಮರೆತುಹೋದಂತಿತ್ತು.

"ಅಷ್ಟು ದೂರ ಹೋಗಿ ಬದುಕಿತ್ತು," ಎಂದಳು ಕೊನೆಗೆ. "ನಾವು ಕರೀಬಾರದಿತ್ತು."

ಅಕ್ಕ ಆ ಕೈಯನ್ನು ಮೆಲ್ಲಗೆ ಮಡಚಿ ಹೊದಿಕೆಯ ಒಳಗೆ ಇಟ್ಟಳು. ಎದ್ದು ಹೋಗಿ ಕಿಟಕಿ ಮುಚ್ಚಿದಳು. ಹೊರಗೆ ತಮ್ಮ ಕಂಬಗಳಿಂದ ಹಗ್ಗ ಬಿಚ್ಚುತ್ತಿದ್ದ.