ಒಪ್ಪಿಕೊಂಡರೂ

ರಾಯಚೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನಕರಾಯ ಕನ್ನಡ ಪಂಡಿತನಾಗಿದ್ದ. ಪ್ರಬಂಧ ಬರೆಯುವುದನ್ನೂ ವಾದ ಮಾಡುವುದನ್ನೂ ಕಲಿಸುವುದರಲ್ಲಿ ಅವನದು ದೊಡ್ಡ ಹೆಸರು. “ನೀವು ಬರದಿದ್ದು ಓದಿದ ಮ್ಯಾಲೆ ಎದುರಿನವನ ಬಾಯಾಗ ಮಾತು ಉಳೀಬಾರದು” ಎಂದು ಹುಡುಗರಿಗೆ ಹೇಳುತ್ತಿದ್ದ.

ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಆ ವರ್ಷ ಶಾಲೆಯ ಕಮಿಟಿಯವರು ಮಾನ್ವಿಯಲ್ಲಿ ಚಿಕ್ಕ ಮಕ್ಕಳಿಗೊಂದು ಕನ್ನಡ ಶಾಲೆ ಕಟ್ಟಿಸಲು ಹೊರಟರು. ಊರ ಹೊರಗಿನ ಗರಸು ದಿಬ್ಬ ಅವರ ಕಣ್ಣಿಗೆ ಬಿತ್ತು. ಆದರೆ ಆ ದಿಬ್ಬದ ಮೇಲೆ ಕುರಿ ತರುಬುವುದು, ಎಂದರೆ ರಾತ್ರಿ ಹಿಂಡನ್ನು ಕೂಡಿ ನಿಲ್ಲಿಸುವುದು, ಕುರಿಗಾರರ ಹಿಂದಿನಿಂದ ಬಂದ ಹಕ್ಕು. ಅವರ ಹಿರಿಯ ಬೂದೆಪ್ಪ ಆಗುವುದಿಲ್ಲ ಎಂದುಬಿಟ್ಟ. ಬೂದೆಪ್ಪ ಕನಕರಾಯನಿಗೆ ಸೋದರಮಾವ. ಅವನ ಮಗಳು ಕರೆಮ್ಮನನ್ನೇ ಕನಕರಾಯ ಮದುವೆಯಾಗಿದ್ದ. ಮಾವನಿಗೆ ತಿಳಿಹೇಳುವ ಕೆಲಸ ಸಹಜವಾಗಿ ಅಳಿಯನ ಪಾಲಿಗೆ ಬಂತು.

ಕನಕರಾಯ ಉದ್ದವಾದ ಕಾಗದ ಬರೆದ. ವಿದ್ಯೆಯ ಮಹತ್ವದಿಂದ ಮೊದಲುಮಾಡಿ, ಮಾವ ಹೇಳಬಹುದಾದ ಒಂದೊಂದು ಮಾತನ್ನೂ ಮುಂಚೆಯೇ ಎತ್ತಿ, ಒಂದೊಂದನ್ನೂ ಮುರಿದು ಹಾಕಿದ. ಬೂದೆಪ್ಪ ಮಠದ ಅಯ್ಯನವರ ಹತ್ತಿರ ಓದು ಕಲಿತವನು. ಬೆರಳಿಟ್ಟು ಓದಿ, ಮಡಚಿ, ಆಳಿನ ಕೈಲಿ ಹೇಳಿಕಳಿಸಿದ: “ಅಳಿಯ ಗೆದ್ದಾನ ಅಂತ ಹೇಳು. ಜಾಗ ಮಾತ್ರ ಕೊಡಾಂಗಿಲ್ಲ.”

ಹೆಡ್‌ಮಾಸ್ತರರು ಆಗ ಜಹೀರುದ್ದೀನನನ್ನು ಕರೆದು ಆ ಕೆಲಸ ಒಪ್ಪಿಸಿದರು. ದೇವದುರ್ಗದವನು, ಇತಿಹಾಸದ ಮಾಸ್ತರ, ಶಾಲೆಗೆ ಹೊಸಬ. ಆಗ ಶಾಲೆಗೆ ವಾರದ ರಜೆಯಿದ್ದ ಶುಕ್ರವಾರ ಬಂದರೆ ಅವನು ಮಾನ್ವಿಯ ಬಸ್ಸು ಹತ್ತುತ್ತಿದ್ದ. ಅಲ್ಲಿ ಏನು ಮಾಡುತ್ತಾನೆಂಬುದು ಕನಕರಾಯನಿಗೆ ಹೆಂಡತಿಯಿಂದ ತಿಳಿಯಿತು.

“ಏನೂ ಹೇಳಂಗಿಲ್ಲಂತ, ಬರೇ ಕೇಳ್ತಾರಂತ” ಎಂದಳು ತವರಿಗೆ ಹೋಗಿ ಬಂದ ಕರೆಮ್ಮ. “ಅಪ್ಪ ಹೇಳಿದ್ದನ್ನ ತಾವು ತಿರುಗಿ ಹೇಳ್ತಾರ. ನಿಮ್ಮ ಮಾತು ಹಿಂಗೇನ್ರಿ ಅಂತಾರ. ಅಪ್ಪ ಅಲ್ಲ ಅಂದ್ರ ಮತ್ತೊಮ್ಮೆ ಹೇಳ್ತಾರ. ಇದು ನನ್ನ ಮನಸಿನಾಗಿನ ಮಾತು ಅಂತ ಅಪ್ಪ ಅನ್ನೋತನಕ ಬಿಡಂಗಿಲ್ಲಂತ.”

“ಗಿಳಿನೂ ಹಂಗ ಮಾಡ್ತದ” ಎಂದ ಕನಕರಾಯ.

“ಅಪ್ಪಗ ಭಾಳ ಸೇರ್ಯಾರ” ಎಂದಳು ಅವಳು, ರೊಟ್ಟಿ ತಟ್ಟುತ್ತಲೇ.

ಅವಳು ಸುಮ್ಮನೆ ಆಡಿದ ಆ ಮಾತು ಕನಕರಾಯನಿಗೆ ಚುಚ್ಚಿತು. ಮಾವನ ಬಾಯಿಂದ ಅಂಥ ಮಾತು ಅವನ ಪಾಲಿಗೆ ಒಮ್ಮೆಯೂ ಬಂದಿರಲಿಲ್ಲ. ಮದುವೆಯಲ್ಲಿಯೂ ಇಲ್ಲ, ಪಂಡಿತ ಪರೀಕ್ಷೆ ಪಾಸಾದಾಗಲೂ ಇಲ್ಲ.

ಕೆಲವು ವಾರಗಳ ನಂತರ ಜಹೀರುದ್ದೀನ್ ತಾನು ಬೂದೆಪ್ಪನಿಗೆ ಬರೆದ ಕಾಗದದ ಕರಡನ್ನು ಕನಕರಾಯನ ಮುಂದಿಟ್ಟ. “ಕನಕರಾಯರ, ನನ್ನ ಕನ್ನಡದಾಗ ತಪ್ಪು ಇದ್ದರ ತಿದ್ದಿಕೊಡ್ರಿ.”

ಕನಕರಾಯ ಖಾಲಿ ತರಗತಿಯಲ್ಲಿ ಕೂತು ಓದಿದ. ಶಾಲೆಯ ಮಾತೇ ಮೊದಲರ್ಧದಲ್ಲಿ ಇರಲಿಲ್ಲ. ಮಳೆ ಹಿಡಿದರೆ ಸುತ್ತಲಿನ ಎರೆಹೊಲವೆಲ್ಲ ಕೆಸರಾಗುತ್ತದೆ, ಕೆಸರಲ್ಲಿ ನಿಂತ ಕುರಿಯ ಗೊರಸು ಕೊಳೆಯುತ್ತದೆ, ಎಳೆ ಮರಿಗಳು ಉಳಿಯುವುದಿಲ್ಲ. ಒಣಗಿ ನಿಲ್ಲುವುದು ಈ ದಿಬ್ಬವೊಂದೇ. ಒಮ್ಮೆ ಇನ್ನೊಬ್ಬರ ಗೋಡೆ ಎದ್ದರೆ ಕುರಿಗಾರರ ಬಾಯಿಮಾತಿನ ಹಕ್ಕು ಅಳಿಸಿಹೋಗುತ್ತದೆಂಬುದು ಅವರ ಭಯ. ಬೇರೆ ಊರುಗಳಲ್ಲಿ ಹಾಗೆ ಆಗಿಯೂ ಇದೆ. ಇಷ್ಟು ಬರೆದು ಜಹೀರುದ್ದೀನ್ ಹೇಳಿದ್ದ: “ಮಳೆಗಾಲದ ಮಟ್ಟಿಗೆ ನಿಮ್ಮ ಮಾತು ಸರಿಯೆಂದು ಒಪ್ಪುತ್ತೇನೆ.” ಆಮೇಲೆಯೇ ಶಾಲೆಯ ಮಾತು. ಕಾಗದ ಹೀಗೆ ಮುಂದುವರಿದಿತ್ತು: ಈಗ ಸೋರುವ ಬಾಡಿಗೆ ಮನೆಯಲ್ಲಿ ಹಸಿ ನೆಲದ ಮೇಲೆ ಕೂತು ಕಲಿಯುವ ಮಕ್ಕಳಿಗೂ ಜ್ವರ ಬಿಡುತ್ತಿಲ್ಲ. ನಿಮಗೂ ನಮಗೂ ಬೇಕಾಗಿರುವುದು ಎಳೆಯ ಜೀವಗಳಿಗೆ ಒಣ ನೆಲ. ದಿಬ್ಬದ ಸುತ್ತ ಗೋಡೆ ಹಾಕಬೇಕೆಂದು ನಾನೇ ಕಮಿಟಿಗೆ ಹೇಳಿದ್ದೆ. ನಿಮ್ಮ ಮಾತು ಕೇಳಿದ ಮೇಲೆ ಆ ವಿಚಾರ ಬಿಟ್ಟಿದ್ದೇನೆ, ಕಮಿಟಿಯವರನ್ನೂ ಒಪ್ಪಿಸಿದ್ದೇನೆ. ಮೂಡಣ ಅಂಚಿನಲ್ಲಿ ಎರಡು ಕೋಣೆ ಸಾಕು. ಉಳಿದದ್ದರ ಮೇಲೆ ನಿಮ್ಮ ಹಕ್ಕನ್ನು ಕರಾರಿನಲ್ಲಿ ಬರೆಸಿದರೆ, ಈಗ ಬಾಯಿಮಾತಾಗಿರುವುದು ಗಟ್ಟಿಯಾಗುತ್ತದೆ.

ಆ ದಿಬ್ಬದ ಮೇಲೆ ಕನಕರಾಯ ಸಣ್ಣವನಿದ್ದಾಗ ಮರಿ ಕಾಯ್ದಿದ್ದ. ಗೊರಸು ಕೊಳೆಯುವುದು ಅವನಿಗೆ ಗೊತ್ತಿತ್ತು. ಅವನ ಕಾಗದದಲ್ಲಿ ಅದರ ಮಾತೇ ಇರಲಿಲ್ಲ.

ಕಾಗುಣಿತದ ತಪ್ಪುಗಳನ್ನು ತಿದ್ದಿದ. ಆಮೇಲೆ ‘ಒಪ್ಪುತ್ತೇನೆ’ ಎಂಬುದನ್ನು ಹೊಡೆದುಹಾಕಿ ‘ಒಪ್ಪಿಕೊಂಡರೂ’ ಎಂದು ಬರೆದು, ಮುಂದಿನ ವಾಕ್ಯಕ್ಕೆ ಜೋಡಿಸಿದ. ವ್ಯಾಕರಣಕ್ಕೆ ಏನೂ ಕೊರತೆಯಾಗಲಿಲ್ಲ. ಬದಲಾಗಿ ವಾಕ್ಯಕ್ಕೆ ಬಿಗಿ ಬಂತು ಎಂದು ತನಗೆ ತಾನೇ ಹೇಳಿಕೊಂಡ. ಜಹೀರುದ್ದೀನ್ ಪಂಡಿತರ ಮೇಲಿನ ನಂಬಿಕೆಯಿಂದ ತಿದ್ದಿದಂತೆಯೇ ನಕಲು ತೆಗೆದು ಕಳಿಸಿದ.

ಮಾನ್ವಿಯಿಂದ ಇಬ್ಬರಿಗೂ ಕರೆ ಬಂತು. ಬೂದೆಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತಿದ್ದ. ಕಾಗದ ತೊಡೆಯ ಮೇಲಿತ್ತು.

“ಬರ್ರಿ ಮಾಸ್ತರ, ಕುಂದರ್ರಿ. ನಾಕು ಸಲ ಓದೀನಿ” ಎಂದ. “ನನ್ನ ಹೊಟ್ಟ್ಯಾಗಿಂದು ನನಗಿಂತ ಚಲೋ ಬರದೀರಿ. ಆದ್ರ ಈ ಒಂದು ಮಾತಿಗಿ ಬಂದ ಕೂಡ್ಲೆ ನಿಂದ್ರತೀನಿ. ಒಪ್ಪಿಕೊಂಡರೂ ಅಂತೀರಲ್ಲ, ಒಪ್ತೀರೋ, ಇಲ್ಲ ಬಾಯಿಲೆ ಒಪ್ಪಿ ಹಿಂದಿನಿಂದ ದಬ್ಬಾಕತ್ತೀರೋ? ಇದೊಂದು ಮಾತು ನೋಡಿದ್ರ ಮ್ಯಾಲಿಂದೆಲ್ಲ ನಾಟಕ ಅನಸ್ತದ.”

ಜಹೀರುದ್ದೀನ್ ಕಾಗದ ತೆಗೆದುಕೊಂಡು ನೋಡಿದ. ನಕಲು ಮಾಡುವಾಗ ಗಮನಿಸದ್ದು ಈಗ ಕಾಣಿಸಿತು. ಕನಕರಾಯನ ಕಡೆ ಒಮ್ಮೆ ನೋಡಿದ. ಕನಕರಾಯ ನೆಲ ನೋಡುತ್ತಿದ್ದ.

“ಒಪ್ತೀನ್ರಿ ಯಜಮಾನ್ರ. ನನ್ನ ಕೈಲೆ ಬರದಿದ್ದು, ತಪ್ಪು ನಂದ” ಎಂದ ಜಹೀರುದ್ದೀನ್. ಲೇಖಣಿ ತೆಗೆದು ಆ ಪದ ಹೊಡೆದು, ಮೊದಲಿನದನ್ನೇ ಬರೆದು, ಕೆಳಗೆ ಸಹಿ ಮಾಡಿದ.

ಬೂದೆಪ್ಪ ಅದರ ಮೇಲೆ ಬೆರಳಾಡಿಸಿದ. “ಹಂಗಾದ್ರ ಕಟ್ರಿ. ಜೋರು ಮಳಿ ಹಿಡಿದಾಗ ಕುರಿ ಪಡುವಣ ಬಾಜೂಕ ಸರಸ್ತೀವಿ. ಹಿಕ್ಕಿ ನಾತಕ್ಕ ಮಕ್ಕಳು ಮೂಗು ಮುಚ್ಚಿಕೊಂಡು ಕುಂದರಬಾರದಲ್ಲ.”

ಹಿಂದಿರುಗುವಾಗ, ಯುದ್ಧಕಾಲದ ಪೆಟ್ರೋಲ್ ಅಭಾವದಿಂದ ಇದ್ದಿಲಿನ ಮೇಲೆ ಓಡುತ್ತಿದ್ದ ಬಸ್ಸು ಕಲ್ಮಲದ ಹತ್ತಿರ ನಿಂತಿತು. ಕ್ಲೀನರ್ ಬಸ್ಸಿನ ಹಿಂಬದಿಯ ಒಲೆ ಕೆದಕತೊಡಗಿದ. ಇಬ್ಬರೂ ಇಳಿದು ಬೇವಿನ ನೆರಳಿಗೆ ಬಂದರು. ಕನಕರಾಯನೇ ಮೊದಲು ಮಾತಾಡಿದ.

“ನನ್ನ ಹೆಸರು ಹೇಳಬಹುದಿತ್ತು.”

“ಹೇಳಿದ್ರ ಮಾವ ಅಳಿಯನ ಜಗಳ ಆಗ್ತಿತ್ತು. ದಿಬ್ಬದ ಮಾತು ಅಲ್ಲೇ ನಿಂದ್ರತಿತ್ತು” ಎಂದ ಜಹೀರುದ್ದೀನ್. ಅವನ ದನಿಯಲ್ಲಿ ಸಿಟ್ಟಿತ್ತು. ಆದರೂ ಕೇಳಿದ: “ನಿಮ್ಮ ಮನಿ ವಿಷಯದಾಗ ಹೊರಗಿನವ ಬಂದು ಕೈ ಹಾಕಿದ ಅಂತ ಸಂಕಟ ಆತು. ಹಿಂಗೇನ್ರಿ?”

ಮಾವನಿಗೆ ಕೇಳಿದಂತೆಯೇ ತನಗೂ ಕೇಳುತ್ತಿದ್ದಾನೆಂದು ಕನಕರಾಯನಿಗೆ ಗೊತ್ತಾಯಿತು. ಅದಕ್ಕೂ ಉರಿದುಕೊಂಡ. ಆದರೂ ಆ ಮಾತು ತಪ್ಪಾಗಿತ್ತು, ತಪ್ಪನ್ನು ತಿದ್ದದೆ ಇರಲು ಅವನಿಂದ ಆಗಲಿಲ್ಲ.

“ಅಲ್ಲ” ಎಂದ. “ಮನಿ ಮಾತಲ್ಲ ಅದು. ನನ್ನ ಕಾಗದ ಮಾವ ಒಮ್ಮೆ ಓದಿ ಮಡಚಿದ. ನಿಮ್ಮದು ನಾಕು ಸಲ ಓದಿದ.”

“ನಿಮ್ಮ ಬರವಣಿಗಿ ಅವರು ಇಟಗೊಂಡು ಓದಬೇಕಿತ್ತು ಅಂತ.”

“ಹೂಂ” ಎಂದ ಕನಕರಾಯ. “ಈಗ ಸರಿ ಹೇಳಿದ್ರಿ.”

ಹಾಗೆ ಹೇಳಿದ್ದರಿಂದ ಹೊಟ್ಟೆಕಿಚ್ಚು ಇಳಿಯಲಿಲ್ಲ. ಆದರೆ ಅದನ್ನು ಬಚ್ಚಿಡುವ ಕಷ್ಟ ತಪ್ಪಿತು. ಬಸ್ಸು ಹೊರಟಾಗ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಬೇಸಿಗೆಯ ಹೊತ್ತಿಗೆ ದಿಬ್ಬದ ಮೂಡಣ ಅಂಚಿನಲ್ಲಿ ಎರಡು ಕೋಣೆ ಎದ್ದವು. ಅಲ್ಲಿ ಶಾಲೆ ಶುರುವಾದ ದಿನ ಬೂದೆಪ್ಪ ಜಹೀರುದ್ದೀನನಿಗೆ ಒಂದು ಕರಿ ಕಂಬಳಿ ಹೊದಿಸಿದ. ಜನರ ಹಿಂದೆ ನಿಂತಿದ್ದ ಕನಕರಾಯ ಆ ಕಂಬಳಿಯನ್ನೇ ನೋಡುತ್ತಿದ್ದ. ಅದರ ಅಂಚಿನ ನೇಯ್ಗೆ ಎಷ್ಟು ಒಳ್ಳೆಯದಿದೆ ಎಂದು ಕರೆಮ್ಮ ಪಕ್ಕದಲ್ಲಿ ನಿಂತು ಹೇಳಿದಳು. ಅವನು ಚಲೋ ಅದ ಅಂದ.