ಏಳನೇ ಪ್ರಶ್ನೆಯ ಟಿಪ್ಪಣಿ

ಶಾಲೆಯ ರಸಪ್ರಶ್ನೆಯ ಉತ್ತರಪತ್ರಿಕೆಗಳ ಮೇಲೆ ಕಣ್ಣಾಡಿಸುವಾಗ, ಪ್ರಶ್ನೆ ಬರೆದ ಭಾಷಾ ಮೇಷ್ಟ್ರಿಗೆ ತಮ್ಮದೇ ತಪ್ಪೊಂದು ಕಣ್ಣಿಗೆ ಬಿತ್ತು. ‘ಲೋಪಸಂಧಿ ಯಾವುದು?’ ಎಂಬ ಏಳನೇ ಪ್ರಶ್ನೆಗೆ ‘ಊರೂರು’ ಮಾತ್ರ ಸರಿಯೆಂದು ಅವರು ಬರೆದಿಟ್ಟಿದ್ದರು. ಕೊಟ್ಟ ಆಯ್ಕೆಗಳಲ್ಲಿ, ಅದರ ಪಕ್ಕದಲ್ಲೇ ‘ಬೇರೊಬ್ಬ’ ಕೂಡ ಸರಿಯುತ್ತರವಾಗಿ ಕೂತಿತ್ತು! ಒಂಬತ್ತು ಮಕ್ಕಳು ಅದನ್ನೇ ಗುರುತಿಸಿದ್ದರು.

ಪ್ರಶ್ನೆ ತಿದ್ದಿದರೆ ಕಾರಣ ಬರೆದು ಕೊಡಬೇಕು. ಅಂಕ ಹಾಕುವವರು ಅದನ್ನೇ ನೋಡುತ್ತಾರೆ. ಮೇಷ್ಟ್ರು ಬರೆದರು: “ಇನ್ನಷ್ಟು ಸ್ಪಷ್ಟತೆಗಾಗಿ, ಮುಂದಿನ ಸಲಕ್ಕೆ ‘ಬೇರೊಬ್ಬ’ ತೆಗೆದು ‘ಗುರುವನ್ನು’ ಸೇರಿಸಲಾಗಿದೆ.”

ಎದುರು ಮೇಜಿನ ಗಣಿತದ ಟೀಚರ್ ಅದನ್ನು ಓದಿ, ಪಕ್ಕಕ್ಕಿಟ್ಟಿದ್ದ ಆ ಒಂಬತ್ತು ಉತ್ತರಪತ್ರಿಕೆಗಳನ್ನೂ ನೋಡಿ ನಕ್ಕರು. “ಏನ್ ಮೇಷ್ಟ್ರೇ, ತಪ್ಪಿಗೆ ಪೌಡರ್ ಹಚ್ಚಿ ಕೂರಿಸಿಬಿಟ್ರಲ್ಲ!”

“ಇಪ್ಪತ್ತು ವರ್ಷದಲ್ಲಿ ನಾನೊಂದೂ ತಪ್ಪು ಮಾಡಿಲ್ಲಮ್ಮ.”

“ಇದನ್ನ ಓದಿದ್ರೆ ಈಗ್ಲೂ ಮಾಡಿಲ್ಲ ಅಂತಾನೇ ಅನ್ಸುತ್ತೆ. ಪಾಪ, ಮಾಡಿದ್ದು ಆ ಒಂಬತ್ತು ಮಕ್ಕಳು!”

ಮೇಷ್ಟ್ರ ಕಿವಿ ಕೆಂಪಾಯಿತು. ಹಾಳೆ ಹರಿದು ಹೊಸದಾಗಿ ಬರೆದರು: “ಎರಡೂ ಉತ್ತರ ಸರಿ, ಎರಡಕ್ಕೂ ಅಂಕ ಕೊಡಿ. ಗಮನಿಸದೆ ಹೋದವನು ನಾನು. ಮುಂದಿನ ಸಲಕ್ಕೆ ‘ಬೇರೊಬ್ಬ’ ಬದಲು ‘ಗುರುವನ್ನು’ ಇರಲಿ, ಅದು ಆಗಮಸಂಧಿ.”

“‘ನಾನು’ ಅನ್ನೋದು ಯಾಕೋ ಸ್ವಲ್ಪ ಚಿಕ್ಕದಾಗಿದೆ,” ಎಂದರು ಟೀಚರ್.

“ಕಾಣ್ಸುತ್ತಲ್ಲ, ಸಾಕು ಬಿಡಮ್ಮ!” ಎನ್ನುತ್ತಲೇ ಮೇಷ್ಟ್ರು, ಆ ಟಿಪ್ಪಣಿಯನ್ನು ಒಂಬತ್ತು ಉತ್ತರಪತ್ರಿಕೆಗಳ ಮೇಲಿಟ್ಟು ಪಿನ್ ಚುಚ್ಚಿದರು.