ಏಳು ಬೆರಳಿನ ಕಳ್ಳತನ

ನನ್ನ ಚಿಕ್ಕಪ್ಪನಿಗೆ ಕಥೆ ಕೇಳುವ ಕಿವಿ ಹುಟ್ಟಿನಿಂದಲೇ ಇಲ್ಲ. ಅಜ್ಜಿ ಹೇಳುವ ಪ್ರಕಾರ, ಚಿಕ್ಕವನಿದ್ದಾಗ ರಾಜಕುಮಾರ ಕುದುರೆ ಹತ್ತುವ ಹೊತ್ತಿಗೇ ಇವನು ಗೊರಕೆ ಹೊಡೆಯುತ್ತಿದ್ದನಂತೆ. ಎಚ್ಚರವಾಗಿದ್ದ ಒಂದೇ ಒಂದು ದಿನ ಅಜ್ಜಿಯನ್ನು ಅರ್ಧಕ್ಕೆ ತಡೆದು, "ಆ ಕುದುರೆಗೆ ದಿನಕ್ಕೆ ಎಷ್ಟು ಮೇವು ಬೇಕು?" ಅಂದನಂತೆ. ಈಗ ಅವನಿಗೆ ಆರು ಟ್ಯಾಕ್ಸಿಗಳಿವೆ. ಪ್ರಶ್ನೆ ಮಾತ್ರ ಇನ್ನೂ ಅದೇ.

ಅವನ ಶೆಡ್ಡಿನ ಮೂಲೆಯಲ್ಲಿ, ಹಳೆಯ ಬ್ಯಾಟರಿಗಳ ಪಕ್ಕ, ನನ್ನ ಮೇಜು. ಪ್ರತಿ ಡ್ರೈವರು ದಿನದ ಕೊನೆಗೆ ತಂದುಕೊಡುವ ಟ್ರಿಪ್ ಶೀಟನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಹೊರಟಾಗ ಮೀಟರಿನಲ್ಲಿದ್ದ ಕಿಲೋಮೀಟರ್, ನಿಲ್ಲಿಸಿದಾಗಿನ ಕಿಲೋಮೀಟರ್, ಎಲ್ಲಿಂದ ಎಲ್ಲಿಗೆ, ಪ್ಯಾಸೆಂಜರ್ ಇದ್ದದ್ದೆಷ್ಟು, ಖಾಲಿ ಓಡಿದ್ದೆಷ್ಟು, ಬಾಡಿಗೆ, ಟೋಲು, ಹಾಕಿಸಿದ ಡೀಸೆಲ್, ಡ್ರೈವರಿನ ಕಾಲು ಪಾಲು, ಊಟದ ಬಾಟಾ. ಕೊನೆಗೆ ಎರಡು ಸಹಿ, ಗಿರಾಕಿಯದೊಂದು, ಡ್ರೈವರಿನದೊಂದು. ಉಳಿದವರಿಗೆ ಅದು ಬರೀ ಕಾಗದ. ನನಗೆ ಹಾಗಲ್ಲ. ಬೆಳಗಿನ ನಾಲ್ಕೂಮುಕ್ಕಾಲಿಗೆ ಹೋಟೆಲಿನಿಂದ ಏರ್‌ಪೋರ್ಟಿಗೆ ಹೋದ ಹೆಂಗಸು ಯಾರನ್ನು ಬಿಟ್ಟು ಹೋದಳು? ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗುವ ಮೇಷ್ಟ್ರು ದಾರಿಯಲ್ಲಿ ಏನು ಮಾತಾಡುತ್ತಾರೆ? ನಾನು ಟೈಪು ಮಾಡುವುದು ಒಂದು ಸಾಲು, ಕನಸು ಕಾಣುವುದು ಮೂರು ಪುಟ.

ಹೀಗೆ ಕನಸು ಕಾಣುತ್ತಾ ಕೂತವಳು ಒಂದು ದಿನ ಜಾಣತನ ತೋರಿಸಲು ಹೋದೆ. ಶೀಟಿನ ಪಟ್ಟಿಗೆ ಒಂದು ಹೊಸ ಕಾಲಂ ಸೇರಿಸಿದೆ. ಓಡಿದ ಕಿಲೋಮೀಟರನ್ನು ಕುಡಿದ ಡೀಸೆಲಿನಿಂದ ಭಾಗಿಸಿದರೆ ಮೈಲೇಜು. ಚಿಕ್ಕಪ್ಪನಿಗೆ ಅದನ್ನು ಕಂಡ ದಿನ ಹಬ್ಬ. ಮೊಮ್ಮಗು ಹುಟ್ಟಿದಾಗಲೂ ಅವನ ಮುಖ ಅಷ್ಟು ಅರಳಿರಲಿಲ್ಲ. ಆಮೇಲೆ ಅವನು ನಮಸ್ಕಾರಕ್ಕೆ ಬದಲು ಮೈಲೇಜು ಕೇಳತೊಡಗಿದ. ಡ್ರೈವರುಗಳು ಅವನಿಗೆ 'ಲೀಟರ್ ಸಾಹೇಬ' ಅಂತ ಹೆಸರಿಟ್ಟರು. ಅವನ ಕಿವಿಗೂ ಅದು ಬಿತ್ತು. ಹೊಗಳಿಕೆ ಅಂದುಕೊಂಡ.

ಆ ಕಾಲಮ್ಮೇ ಬೆಲ್ಟಣ್ಣನ ಕುತ್ತಿಗೆಗೆ ಬಂತು.

ಬೆಲ್ಟಣ್ಣ ನಮ್ಮಲ್ಲಿ ಹನ್ನೊಂದು ವರ್ಷದಿಂದ ಇದ್ದ ಡ್ರೈವರು. ಹಿಂದಿನ ಸೀಟಿನವರೂ ಬೆಲ್ಟ್ ಹಾಕದೆ ಗಾಡಿ ಕದಲಿಸುವವನಲ್ಲ, ಮಂತ್ರಿಯಾದರೂ ಅಷ್ಟೆ, ಮದುಮಗಳಾದರೂ ಅಷ್ಟೆ. ಅವನ ಶೀಟಿನಲ್ಲಿ ಒಂದು ಅಂಕಿ ಮೇಲೆ ಇನ್ನೊಂದು ಅಂಕಿ ತಿದ್ದಿದ್ದನ್ನು ನಾನು ಕಂಡಿಲ್ಲ.

"ನಲವತ್ತು ದಿನ!" ಅಂದ ಚಿಕ್ಕಪ್ಪ ಒಂದು ಸೋಮವಾರ ಮಧ್ಯಾಹ್ನ, ನನ್ನ ಮೇಜಿನ ಮೇಲೆ ಶೀಟಿನ ಕಟ್ಟನ್ನು ಬಡಿದು. "ಎಂಟು ಸಾವಿರ ಕಿಲೋಮೀಟರ್. ಆ ಗಾಡಿ ಯಾವತ್ತೂ ಇಪ್ಪತ್ತು ಕೊಡ್ತಿತ್ತು. ನಾನೂರು ಲೀಟರಲ್ಲಿ ಮುಗೀಬೇಕು. ಹಾಕ್ಸಿರೋದು ನಾನೂರ ಮೂವತ್ತು. ಮೂವತ್ತು ಲೀಟರ್ ಪೈಪು ಹಾಕಿ ಎಳೆದಿದ್ದಾನೆ, ಸಾಧು ಮುಖ ಇಟ್ಕೊಂಡು!"

ಪ್ರತಿ ಶೀಟಿನ ಷರಾ ಜಾಗದಲ್ಲೂ ಅವನ ಅಕ್ಷರದಲ್ಲಿ 'ಡೀಸೆಲ್ ಕಳವು' ಅಂತ ಬರೆದಿತ್ತು. ನಲವತ್ತು ಸಲ. ಸ್ವಂತ ಮದುವೆಯ ಕರೆಯೋಲೆಗಳಿಗೆ ವಿಳಾಸ ಬರೆಯಲು ಬೇಸರಪಟ್ಟು ತಂಗಿಯ ಕೈಲಿ ಬರೆಸಿದ ಮನುಷ್ಯ ಇವನು.

ಬೆಲ್ಟಣ್ಣ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದ. "ಯಜಮಾನ್ರೇ, ಟ್ಯಾಂಕ್ ತುಂಬ್ಸೋದು ನೀವು ಹೇಳಿದ ಬಂಕಲ್ಲೇ. ಬಿಲ್ಲು ಶೀಟಿಗೆ ಅಂಟಿಸಿದೀನಿ."

"ಬಿಲ್ಲು ಅಂಟಿಸೋಕೆ ಗೋಂದು ಸಾಕು ಕಣೋ. ನೀಯತ್ತು ಬೇಕಾಗಿಲ್ಲ." ತನ್ನ ಮಾತಿಗೆ ತಾನೇ ನಕ್ಕ. ಬೇರೆ ಯಾರೂ ನಗಲಿಲ್ಲ, ಅದು ಅವನಿಗೆ ಗೊತ್ತಾಗಲೂ ಇಲ್ಲ. "ತಪ್ಪೊಪ್ಪಿಗೆ ಬರ್ಕೊಡು, ದುಡ್ಡು ಮುರ್ಕೊಂಡು ಬಿಟ್ಬಿಡ್ತೀನಿ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಸ್ಟ್ಯಾಂಡಿಗೆ ಬಂದು ಎಲ್ಲಾ ಓನರ್‌ಗಳ ಮುಂದೆ ಈ ಶೀಟು ಓದ್ತೀನಿ. ಆಮೇಲೆ ನಿನಗೆ ಕೈಗಾಡಿನೂ ಯಾರೂ ಕೊಡಲ್ಲ."

ಅದು ನಿಜ. ಓನರುಗಳ ನಡುವೆ ಒಂದು ಸಲ ಡೀಸೆಲ್ ಕಳ್ಳ ಅನ್ನಿಸಿಕೊಂಡವನಿಗೆ ಮತ್ತೆ ಯಾರೂ ಕೀಲಿಕೈ ಕೊಡುವುದಿಲ್ಲ. ಬೆಲ್ಟಣ್ಣನಿಗೆ ಐವತ್ತಮೂರು. ಕಲಿತದ್ದು ಅದೊಂದೇ ಕೆಲಸ. ಆದರೂ ಅವನ ದನಿ ಏರಲಿಲ್ಲ. "ಕದ್ದಿಲ್ಲ. ಬರೆಯೋದಿಲ್ಲ."

"ಸಂಜೆ ತನಕ ಟೈಮಿದೆ," ಅಂದು ಚಿಕ್ಕಪ್ಪ ಊಟಕ್ಕೆ ಹೋದ. ಯಾರ ಬದುಕು ಮುಳುಗಲಿ, ಒಂದೂವರೆಗೆ ಅವನಿಗೆ ಊಟ ಆಗಬೇಕು.

ನನ್ನ ಕಾಲಮ್ಮು, ನನ್ನ ಜಾಣತನ. ನಾಚಿಕೆಯಿಂದ ಆ ಶೀಟುಗಳನ್ನು ಮತ್ತೆ ಮೊದಲಿನಿಂದ ತಿರುವಿದೆ. ಲೆಕ್ಕ ತಪ್ಪಿರಲಿಲ್ಲ. ಎಂಟು ಸಾವಿರವನ್ನು ನಾನೂರ ಮೂವತ್ತರಿಂದ ಭಾಗಿಸಿದರೆ ಹದಿನೆಂಟೂವರೆಗಿಂತ ತುಸು ಮೇಲೆ, ಅಷ್ಟೇ. ಅಂಕಿ ಬಿಟ್ಟು ನನಗೆ ಅಭ್ಯಾಸವಾದ ದಾರಿ ಹಿಡಿದೆ, ಜನರ ಹಿಂದೆ ಹೋದೆ. ಮೇಷ್ಟ್ರು ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ: ಇಪ್ಪತ್ತಾರು ಕಿಲೋಮೀಟರ್. ಮತ್ತೆ ಇಪ್ಪತ್ತಾರು. ಮತ್ತೆ ಇಪ್ಪತ್ತಾರು.

ಮೇಷ್ಟ್ರದ್ದು ಇಪ್ಪತ್ತೆಂಟಲ್ಲವಾ?

ಹಳೆಯ ಕಟ್ಟು ಬಿಚ್ಚಿದೆ. ಒಂದು ವರ್ಷದುದ್ದಕ್ಕೂ ಇಪ್ಪತ್ತೆಂಟು. ಹೋಟೆಲಿನಿಂದ ಏರ್‌ಪೋರ್ಟು ಮೊದಲು ನಲವತ್ತೆರಡು, ಈಗ ಮೂವತ್ತೊಂಬತ್ತು. ಅದೇ ಹೋಟೆಲು, ಅದೇ ಏರ್‌ಪೋರ್ಟು. ಅಜ್ಜಿಯ ಕಥೆಯಲ್ಲಿ ಮಾಟಗಾತಿ ದಾರಿಯನ್ನು ಚಾಪೆಯಂತೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋಗುತ್ತಿದ್ದಳು. ನಮ್ಮೂರಿನಲ್ಲಿ ನನಗೆ ಗೊತ್ತಿದ್ದಂತೆ ಮಾಟಗಾತಿ ಇರಲಿಲ್ಲ, ಇದ್ದವನು ಚಿಕ್ಕಪ್ಪ. ಎಲ್ಲ ದಾರಿಗಳೂ ಕುಗ್ಗಿದ್ದು ಒಂದೇ ತಾರೀಖಿನಿಂದ. ಖರ್ಚಿನ ಪುಸ್ತಕದಲ್ಲಿ ಅದೇ ಗಾಡಿಯ ಲೆಕ್ಕಕ್ಕೆ, ಆ ತಾರೀಖಿಗೆ ಅವನ ಕೈಬರಹದಲ್ಲೇ ಇತ್ತು: 'ನಾಲ್ಕು ಟೈರು, ಸೆಕೆಂಡ್ ಹ್ಯಾಂಡ್, ವ್ಯಾನಿನದು. ಉಳಿತಾಯ ಆರು ಸಾವಿರ.' ಉಳಿತಾಯದ ಕೆಳಗೆ ಎರಡು ಗೆರೆ ಎಳೆದಿದ್ದ.

"ಬೆಲ್ಟಣ್ಣಾ, ಟೈರು ದೊಡ್ಡದಾದ್ರೆ ಮೀಟರು ಏನು ಮಾಡುತ್ತೆ?"

ಹೊರಗೆ ಬಾನೆಟ್ಟಿಗೆ ಒರಗಿ ನಿಂತಿದ್ದವನು ಬಗ್ಗಿ ಚಕ್ರ ನೋಡಿದ. ಆಮೇಲೆ ಹಣೆಗೆ ಹೊಡೆದುಕೊಂಡ. "ಥೂ ನನ್ನ ಬುದ್ಧಿಗೆ! ಚಕ್ರ ಎಷ್ಟು ಸುತ್ತು ತಿರುಗ್ತು ಅಂತ ಎಣಿಸ್ತದೆ ಅಷ್ಟೇ ತಾಯಿ ಅದು. ದೊಡ್ಡ ಚಕ್ರ ಅಂದ್ರೆ ಅದೇ ದಾರಿಗೆ ಕಡಿಮೆ ಸುತ್ತು. ಕಡಿಮೆ ಸುತ್ತು ಅಂದ್ರೆ ಕಡಿಮೆ ಕಿಲೋಮೀಟರು. ಯಜಮಾನ್ರು ಟೈರು ಬದಲಾಯಿಸಿದಾಗಿಂದ ಗಾಡಿ ಯಾಕೋ ಒಂಚೂರು ಎತ್ತರ ಆಗಿದೆ ಅನ್ನಿಸಿತ್ತು. ಮೇಷ್ಟ್ರೂ 'ಹತ್ತೋಕೆ ಕಷ್ಟವಪ್ಪಾ' ಅಂತಿದ್ರು. ವಯಸ್ಸಾಯ್ತು ಅಂದ್ಕೊಂಡೆ, ಪಾಪ."

ಚಿಕ್ಕಪ್ಪ ಹಲ್ಲು ಕೆದಕುತ್ತಾ ವಾಪಸು ಬಂದಾಗ ನಾನು ಹಳೇ ಶೀಟು, ಹೊಸ ಶೀಟು ಅಕ್ಕಪಕ್ಕ ಇಟ್ಟು ತೋರಿಸಿದೆ.

"ಹಾಗಾದ್ರೆ ಇವನು ಕಿಲೋಮೀಟರೂ ಕದ್ದಿದ್ದಾನೆ," ಅಂದ.

"ಚಿಕ್ಕಪ್ಪ, ಕಿಲೋಮೀಟರ್ ಕದ್ದು ಎಲ್ಲಿ ಇಟ್ಕೋತಾರೆ? ಕಡಿಮೆ ಬರೆದ್ರೆ ಬಾಡಿಗೆ ಕಡಿಮೆ. ಅವನ ಕಾಲು ಪಾಲೂ ಕಡಿಮೆ."

"ನೀನು ಸುಮ್ನಿರು ಪುಟ್ಟಿ. ಟೈರು ಟೈರೇ. ಎಲ್ಲಾನೂ ದುಂಡಗೇ ಇರ್ತವೆ."

ಬೆಲ್ಟಣ್ಣ ಡಿಕ್ಕಿಯಿಂದ ಸ್ಟೆಪ್ನಿ ಇಳಿಸಿದ. ಅದು ಕಂಪನಿಯಿಂದ ಬಂದ ಅಳತೆಯದೇ. ಜಿಪುಣತನ ಅಲ್ಲಿಯವರೆಗೆ ತಲುಪಿರಲಿಲ್ಲ. ಜಾಕು ಕೊಟ್ಟು ಮುಂದಿನ ಚಕ್ರವನ್ನೂ ಬಿಚ್ಚಿದ. ಎರಡಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಶೆಡ್ಡಿನ ಸಿಮೆಂಟು ನೆಲದ ಮೇಲೆ ಒಂದೇ ಗೆರೆಯಿಂದ ಎರಡನ್ನೂ ಒಂದೊಂದು ಪೂರ್ತಿ ಸುತ್ತು ಉರುಳಿಸಿದ. ಸ್ಟೆಪ್ನಿಯ ಗುರುತು ನೆಲ ಮುಟ್ಟಿದ ಕಡೆ ಒಂದು ಗೀಟು. ಇನ್ನೊಂದರ ಗುರುತು ಅದನ್ನು ದಾಟಿ ಮುಂದೆ ಹೋಗಿ ಮುಟ್ಟಿತು. ನಾನು ಕೂತು ಬೆರಳಿಟ್ಟು ಅಳೆದೆ. ಏಳು ಬೆರಳು.

"ಗಾಳಿ ಜಾಸ್ತಿ ಹಾಕಿರ್ತೀಯ," ಅಂದ ಚಿಕ್ಕಪ್ಪ.

ಗಾಳಿ ನೋಡಿದ್ದಾಯಿತು. ನೆಲ ಇಳಿಜಾರು ಅಂದ. ತಿರುಗಿ ಆ ಕಡೆಯಿಂದ ಉರುಳಿಸಿದ್ದಾಯಿತು. ಸುಣ್ಣ ದಪ್ಪ ಅಂದ. ಸೋಲೊಪ್ಪದ ರಾಕ್ಷಸರನ್ನು ಅಜ್ಜಿ ಎಷ್ಟೋ ಸಲ ವರ್ಣಿಸಿದ್ದಳು. ಅವರಿಗೆ ಹತ್ತು ತಲೆಯಾದರೂ ಇರುತ್ತಿದ್ದವು. ಇವನಿಗೆ ಇದ್ದದ್ದು ಒಂದು, ಅದೂ ಪೂರ್ತಿ ಬಳಕೆಯಲ್ಲಿಲ್ಲ.

"ಪ್ರತಿ ಸುತ್ತಿಗೂ ಆ ಏಳು ಬೆರಳು ಸೇರಿಸಿದ್ರೆ, ನಿಜವಾಗಿ ಓಡಿರೋದು ಎಂಟು ಸಾವಿರದ ಆರುನೂರು," ಅಂದೆ. "ನಾನೂರ ಮೂವತ್ತು ಲೀಟರಿಗೆ ಸರಿಯಾಗಿ ಇಪ್ಪತ್ತು. ಒಂದು ತೊಟ್ಟೂ ಹೋಗಿಲ್ಲ. ಹೋಗಿರೋದು ನಿನ್ನ ಬಾಡಿಗೆ. ಆರುನೂರರಲ್ಲಿ ನಾನೂರಾದ್ರೂ ಪ್ಯಾಸೆಂಜರ್ ಕೂತ ಕಿಲೋಮೀಟರು. ಕಿಲೋಮೀಟರಿಗೆ ಇಪ್ಪತ್ತರಂತೆ ಎಂಟು ಸಾವಿರ."

ಆರು ಉಳಿಸಲು ಎಂಟು ಕಳೆದದ್ದು ಅವನ ತಲೆಗೆ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಮನುಷ್ಯನ ಮೇಲೆ ಹೊರಿಸಿದ ಆಪಾದನೆ ಸುಳ್ಳಾದಾಗ ಅಲ್ಲಾಡದ ಮುಖ ಎಂಟು ಸಾವಿರಕ್ಕೆ ಸುಣ್ಣವಾಯಿತು.

ಕುರ್ಚಿ ಎಳೆದು ಕೂತ. ನೀರು ಕುಡಿದ. ಆಮೇಲೆ ಬಹಳ ದೊಡ್ಡ ಮನಸ್ಸಿನಿಂದ, "ಹೋಗ್ಲಿ ಬಿಡು. ಆ ಮೂವತ್ತು ಲೀಟರ್ ನಾನು ಕ್ಷಮಿಸಿದ್ದೀನಿ," ಅಂದ.

ಬೆಲ್ಟಣ್ಣ ಚಕ್ರದ ನಟ್ಟಿಗೆ ಇನ್ನೊಂದು ಸುತ್ತು ಬಿಗಿ ಕೊಟ್ಟ.

"ಈಗ ನೀನು ಒಂದು ಕೆಲಸ ಮಾಡು," ಚಿಕ್ಕಪ್ಪ ದನಿ ಮೆತ್ತಗೆ ಮಾಡಿದ. "ನಮಗೆ ಕಾಂಟ್ರಾಕ್ಟ್ ಕೊಟ್ಟಿರೋ ಹೋಟೆಲಿನವರಿಗೆ ಬಾಕಿ ಬಿಲ್ಲು ಹಾಕ್ತೀನಿ. ಮೀಟರು ಕಡಿಮೆ ತೋರಿಸ್ತಿತ್ತು ಅಂತ ಡ್ರೈವರ್ ಬರೆದುಕೊಟ್ಟು ಸಹಿ ಹಾಕಬೇಕು. ಅಷ್ಟೇ."

"ಹಾಕ್ತೀನಿ ಯಜಮಾನ್ರೇ. ಮೊದಲು ನೀವು ಹಾಕಿ."

"ಏನು?"

"ನಲವತ್ತು ಶೀಟಲ್ಲಿ ಕಳವು ಅಂತ ಬರೆದಿದ್ದೀರಲ್ಲ. ಒಂದೊಂದನ್ನೂ ಹೊಡೆದು ಹಾಕಿ, ಪಕ್ಕದಲ್ಲಿ ನಿಮ್ಮ ಸಹಿ. ಪೆನ್ಸಿಲ್ಲಲ್ಲಿ ಬೇಡ."

ದುಡ್ಡಿನ ವಾಸನೆ ಬಂದರೆ ಚಿಕ್ಕಪ್ಪ ಎಂಥ ಗೋಡೆಯನ್ನಾದರೂ ಹತ್ತುತ್ತಾನೆ. ಮಾನದ ಗೋಡೆಯಂತೂ ಅವನದು ಮೊದಲೇ ಗಿಡ್ಡ. ಕೂತು ಹೊಡೆದ. ಗೊಣಗುತ್ತಾ, ನಾಲಿಗೆ ಹೊರಹಾಕಿ, ಶಿಕ್ಷೆಗೆ ಕಾಪಿ ಬರೆಯುವ ದಡ್ಡನಂತೆ ನಲವತ್ತು ಗೆರೆ, ನಲವತ್ತು ಸಹಿ. ನಾನು ಒಂದೊಂದನ್ನೂ ಎಣಿಸಿ, ಜೆರಾಕ್ಸ್ ಮಾಡಿ, ಪ್ರತಿಗಳನ್ನು ಬೆಲ್ಟಣ್ಣನ ಕೈಗೆ ಕೊಟ್ಟೆ.

ಆಮೇಲೆ ಬೆಲ್ಟಣ್ಣ ತನ್ನ ಮಾತಿನಂತೆ ಒಂದು ಹಾಳೆಯ ಮೇಲೆ ದುಂಡಗೆ ಬರೆದು ಸಹಿ ಮಾಡಿದ. ಚಿಕ್ಕಪ್ಪ ಕಸಿದುಕೊಂಡು ಜೋರಾಗಿ ಓದಿದ: "'ಮಾಲೀಕರು ಈ ಟ್ಯಾಕ್ಸಿಗೆ ಅಳತೆ ಮೀರಿದ ಹಳೆಯ ವ್ಯಾನ್ ಟೈರು ಹಾಕಿಸಿದ್ದರಿಂದ ಮೀಟರು ಕಡಿಮೆ ತೋರಿಸಿದೆ. ತಮ್ಮ ಅತಿಥಿಗಳು ನಲವತ್ತು ದಿನ ಈ ಟೈರುಗಳ ಮೇಲೇ ಪ್ರಯಾಣ ಮಾಡಿದ್ದಾರೆ.' ಏಯ್! ಇದನ್ನ ಹೋಟೆಲಿಗೆ ಕಳಿಸಿದ್ರೆ ಕಾಂಟ್ರಾಕ್ಟೇ ಹೋಗುತ್ತಲ್ಲೋ!"

"ಸುಳ್ಳು ಒಂದಕ್ಷರ ಇದ್ರೆ ಹೇಳಿ, ತಿದ್ದಿಕೊಡ್ತೀನಿ."

ಚಿಕ್ಕಪ್ಪ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದ, ಹಿಂಭಾಗದಲ್ಲಾದರೂ ಲಾಭ ಇದ್ದೀತು ಅನ್ನುವಂತೆ.

"ಇನ್ನೊಂದು," ಅಂದ ಬೆಲ್ಟಣ್ಣ. "ಆ ಎಂಟು ಸಾವಿರದಲ್ಲಿ ಎರಡು ಸಾವಿರ ನನ್ನ ಪಾಲಿಂದು. ಅದು ನಿಮಗೇ ಇರ್ಲಿ. ನಾನೂ ಕ್ಷಮಿಸಿದ್ದೀನಿ." ಆ ದಿನದ ಶೀಟಿನಲ್ಲಿ ಗಾಡಿ ನಿಂತ ಕಿಲೋಮೀಟರ್ ತುಂಬಿ, ಸಹಿ ಹಾಕಿ, ಕೀಲಿಕೈಯನ್ನು ಅದರ ಮೇಲಿಟ್ಟ. "ಬರ್ತೀನಿ ತಾಯಿ," ಅಂತ ನನಗೆ ಮಾತ್ರ ಹೇಳಿ, ನಲವತ್ತು ಪ್ರತಿಗಳನ್ನು ಕಂಕುಳಿಗೆ ಸೇರಿಸಿ ಸ್ಟ್ಯಾಂಡಿನ ಕಡೆ ನಡೆದ.

"ಹುಚ್ಚ ಅವನು," ಅಂದ ಚಿಕ್ಕಪ್ಪ. "ಕ್ಷಮಿಸಿದ್ದೀನಿ ಅಂದ್ಮೇಲೂ ಯಾರಾದ್ರೂ ಕೆಲಸ ಬಿಡ್ತಾರಾ? ಈಗಿನ ಜನಕ್ಕೆ ಉಪಕಾರ ಸ್ಮರಣೆನೇ ಇಲ್ಲ ಪುಟ್ಟಿ."

ನಾನು ನಾಳೆಯ ಖಾಲಿ ಶೀಟು ತೆಗೆದು ಅವನ ಮುಂದಿಟ್ಟೆ. "ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಹೋಟೆಲಿಂದ ಏರ್‌ಪೋರ್ಟ್ ಬುಕ್ಕಿಂಗ್ ಇದೆ. ಉಳಿದ ಐದು ಗಾಡಿಯವರೂ ಬೇರೆ ಕಡೆ ಹೋಗ್ತಿದ್ದಾರೆ. ಡ್ರೈವರ್ ಹೆಸರು ಏನು ಬರೀಲಿ?"

ಅವನು ಬೆಲ್ಟಣ್ಣ ಇಟ್ಟುಹೋದ ಕೀಲಿಕೈ ಎತ್ತಿಕೊಂಡ.

"ನಂದೇ ಬರಿ," ಅಂದ. ಅದನ್ನು ಜೇಬಿಗಿಳಿಸುತ್ತಾ, "ಬಾಟಾ ಎಷ್ಟು ಹಾಕ್ತೀಯ?"